‘ಹಾಂ? ಏನು?’ ಅನ್ನೋದಕ್ಕಿಂತ ಒಳ್ಳೆ ಪ್ರಶ್ನೆ: ಮಾತು ಅರ್ಧ ಕೇಳಿದಾಗ ಏನು ಮಾಡಬೇಕು?

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಇವತ್ತು ನಾಲ್ಕು ಪದಗಳಿಂದ ಶುರು ಮಾಡೋಣ. ಬತ್ತಿ, ಬತ್ತೆ, ಬತ್ತ, ಬತ್ತು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರಾಗಿದ್ದರೆ ನಿಮಗೆ ಈಗಾಗಲೇ ನಗು ಬಂದಿರುತ್ತೆ. ಉಳಿದವರಿಗೆ ಹೇಳ್ತೀನಿ. ಈ ಭಾಗದ ಹವ್ಯಕ ಕನ್ನಡದಲ್ಲಿ ‘ಬತ್ತಿ’ ಅಂದ್ರೆ ನಾನು ಬರ್ತೀನಿ. ‘ಬತ್ತೆ’ ಅಂದ್ರೆ ನೀನು ಬರ್ತೀಯ. ‘ಬತ್ತ’ ಅಂದ್ರೆ ಅವನು ಬರ್ತಾನೆ. ‘ಬತ್ತು’ ಅಂದ್ರೆ ಅದು ಬರುತ್ತೆ. ಆ ‘ಅದು’ ಬಸ್ಸೂ ಆಗಿರಬಹುದು, ಮನೆಯ ಹೆಣ್ಣುಮಗಳೂ ಆಗಿರಬಹುದು. ಯಾರು ಬರೋದು ಅನ್ನೋ ಇಡೀ ವಿಷಯ ಕೊನೆಯ ಒಂದೇ ಒಂದು ಸ್ವರದಲ್ಲಿ ಕೂತಿದೆ.

ಈಗ ಈ ಮಾತನ್ನು ಫೋನಿನಲ್ಲಿ ಕೇಳಿ. ಮನೆ ಇರೋದು ತೋಟದ ಪಕ್ಕ, ತೋಟ ಇರೋದು ಎರಡು ಗುಡ್ಡದ ನಡುವಿನ ಕಣಿವೆಯಲ್ಲಿ. ಸಿಗ್ನಲ್ ಒಂದು ಕಡ್ಡಿ. ಹೊರಗೆ ಮಳೆ. ‘ನಾಳೆ ಬತ್...’ ಅಲ್ಲಿಗೆ ಕಟ್. ಯಾರು ಬರೋದು? ಗೊತ್ತಿಲ್ಲ.

ಇಂಥ ಹೊತ್ತಲ್ಲಿ ನಾವೆಲ್ಲ ಏನು ಮಾಡ್ತೀವಿ? ‘ಹಾಂ?’ ಅಂತೀವಿ. ಇಲ್ಲಾಂದ್ರೆ ‘ಹೂಂ ಹೂಂ’ ಅಂದು ಫೋನ್ ಇಡ್ತೀವಿ. ಈ ಕಂತು ಅವೆರಡಕ್ಕೂ ಬದಲಾಗಿ ಏನು ಹೇಳಬಹುದು ಅನ್ನೋದರ ಬಗ್ಗೆ.

ಎಲ್ಲ ಭಾಷೆಯಲ್ಲೂ ಇರೋ ಮೂರು ಪ್ರಶ್ನೆಗಳು

ಮಾತು ತಪ್ಪಿಹೋಗೋದು, ಅದನ್ನು ಸರಿಮಾಡಿಕೊಳ್ಳೋದು ಒಂದು ಅಧ್ಯಯನದ ವಿಷಯ. ಇಂಗ್ಲಿಷಲ್ಲಿ ಇದನ್ನು ರಿಪೇರ್ ಅಂತಾರೆ, ಅಂದ್ರೆ ಮಾತಿನ ದುರಸ್ತಿ. 1977ರಲ್ಲಿ ಶೆಗ್ಲಾಫ್, ಜೆಫರ್ಸನ್, ಸ್ಯಾಕ್ಸ್ ಅನ್ನೋ ಮೂವರು ಈ ಬಗ್ಗೆ ಬರೆದ ಲೇಖನದಿಂದ ಈ ಕೆಲಸಕ್ಕೆ ಒಂದು ದಾರಿ ಸಿಕ್ಕಿತು. 2015ರಲ್ಲಿ ಮಾರ್ಕ್ ಡಿಂಗೆಮಾನ್ಸೆ ಮತ್ತು ಸಂಗಡಿಗರು 12 ಭಾಷೆಗಳ ದಿನನಿತ್ಯದ ಮಾತುಕತೆಯನ್ನು ರೆಕಾರ್ಡ್ ಮಾಡಿ ನೋಡಿದರು. ಸಂಜ್ಞೆಯ ಭಾಷೆಯೂ ಅದರಲ್ಲಿತ್ತು. ಸರಾಸರಿ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೂವರೆ ನಿಮಿಷಕ್ಕೊಮ್ಮೆ ಯಾರಾದರೊಬ್ಬರು ‘ಏನು?’, ‘ಯಾರು?’ ಅಂತ ಕೇಳ್ತಾನೇ ಇದ್ದರು. ಎದುರುಬದುರು ಕೂತು, ನೆಟ್‌ವರ್ಕ್ ತೊಂದರೆಯೇ ಇಲ್ಲದಾಗ ಈ ಲೆಕ್ಕ.

ಹಾಗೆ ಕೇಳೋ ರೀತಿಗಳನ್ನು ಅವರು ಮೂರು ಗುಂಪು ಮಾಡಿದರು. ಕನ್ನಡದಲ್ಲಿ ಹೀಗೆ ಹೇಳಬಹುದು.

ಮೊದಲನೆಯದು ಬಯಲು ಪ್ರಶ್ನೆ. ‘ಹಾಂ?’, ‘ಏನು?’, ‘ಎಂತ?’ ಏನೋ ತಪ್ಪಿತು ಅಂತ ಮಾತ್ರ ಇದು ಹೇಳುತ್ತೆ, ಯಾವುದು ತಪ್ಪಿತು ಅಂತ ಹೇಳಲ್ಲ.

ಎರಡನೆಯದು ಗುರಿ ಇಟ್ಟ ಪ್ರಶ್ನೆ. ‘ಯಾರು ಬರೋದು?’, ‘ಎಷ್ಟು ಕೇಜಿ?’ ಉಳಿದದ್ದು ಕೇಳಿದೆ, ಇದೊಂದು ಬೇಕು ಅಂತ ಇದರ ಅರ್ಥ.

ಮೂರನೆಯದು ಕೇಳಿಸಿದ್ದನ್ನು ವಾಪಸ್ ಇಟ್ಟು ನೋಡೋದು. ‘ಸೋಮವಾರ ಅಂದ್ರಾ?’ ಎದುರಿನವರು ‘ಹೌದು’ ಅಂದ್ರೆ ಕೆಲಸ ಮುಗೀತು.

ಆ ಅಧ್ಯಯನದಲ್ಲಿ ಕಂಡ ಮುಖ್ಯ ಸಂಗತಿ ಇದು: ಯಾವ ಭಾಷೆಯವರಾದರೂ ಸರಿ, ತಮ್ಮಿಂದ ಆಗುವಷ್ಟು ನಿಖರವಾದ ಪ್ರಶ್ನೆಯನ್ನೇ ಆರಿಸಿಕೊಳ್ಳೋದು ಹೆಚ್ಚು. ಯಾಕೆ ಅಂದ್ರೆ ನೀವು ‘ಹಾಂ?’ ಅಂದಾಗ ಎದುರಿನವರು ಇಡೀ ಮಾತನ್ನು ಮತ್ತೆ ಹೇಳಬೇಕು. ‘ಸೋಮವಾರ ಅಂದ್ರಾ?’ ಅಂದಾಗ ‘ಹೂಂ’ ಅಂದರೆ ಸಾಕು. ಇಲ್ಲಿ ಕೆಲಸವನ್ನು ನೀವು ಮಾಡಿದಿರಿ, ಅವರಿಗೆ ಹಗುರ ಮಾಡಿದಿರಿ.

ಮರ್ಯಾದೆ ಇರೋದೂ ಇಲ್ಲೇ. ನಾವು ಮರ್ಯಾದೆ ಅಂದ್ರೆ ‘ದಯವಿಟ್ಟು’, ‘ಕ್ಷಮಿಸಿ’ ಅಂದುಕೊಂಡಿದೀವಿ. ಮನೆಯ ಅಜ್ಜನ ಹತ್ತಿರ ‘ದಯವಿಟ್ಟು ಮತ್ತೊಮ್ಮೆ ಹೇಳಿ’ ಅಂದ್ರೆ ಅವರು ಗಾಬರಿಯಾಗ್ತಾರೆ, ಇವನಿಗೇನಾಯ್ತು ಅಂತ. ಅದೇ ಅಜ್ಜನಿಗೆ ‘ಸೋಮವಾರ ಅಂದೆ ಅಲ್ದಾ ಅಜ್ಜ, ಆಮೇಲೆ ಎಂತ?’ ಅಂತ ಕೇಳಿ. ನೀವು ಕಿವಿಗೊಟ್ಟು ಕೇಳ್ತಿದ್ರಿ ಅನ್ನೋದಕ್ಕೆ ಆ ‘ಸೋಮವಾರ’ವೇ ಸಾಕ್ಷಿ.

ಕನ್ನಡದ ವಾಕ್ಯದ ಬಾಲದಲ್ಲಿ ಏನಿದೆ?

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ‘ನಾನು’, ‘ಅವನು’ ಅಂತ ಬಾಯಿಬಿಟ್ಟು ಹೇಳದಿದ್ದರೂ ನಡೆಯುತ್ತೆ. ಹಾಗಾಗಿ ಯಾರು ಅನ್ನೋದು ಬಾಲದಲ್ಲಿರುತ್ತೆ. ಇನ್ನೂ ದೊಡ್ಡ ವಿಷಯ, ಇಲ್ಲ ಅನ್ನೋದೂ ಬಾಲದಲ್ಲೇ. ‘ಮದ್ದು ಹೊಡೆಯೋದು ಬೇಕು’, ‘ಮದ್ದು ಹೊಡೆಯೋದು ಬೇಡ’. ಎರಡರಲ್ಲೂ ಕೊನೆಯ ಅಕ್ಷರದವರೆಗೆ ಮಾತು ಒಂದೇ. ‘ಬತ್ತಿ’ ಅಂದ್ರೆ ಬರ್ತೀನಿ, ‘ಬತ್ನಿಲ್ಲೆ’ ಅಂದ್ರೆ ಬರಲ್ಲ. ಇಲ್ಲೂ ಬಾಲ ಹೋದರೆ ಎರಡೂ ಒಂದೇ ಆಗಿ ಕೇಳುತ್ತೆ.

ಮಾತಾಡೋವಾಗ ನಮ್ಮ ದನಿ ಇಳಿಯೋದೂ ವಾಕ್ಯದ ಕೊನೆಗೇ. ಅಂದ್ರೆ ಯಾವ ತುಂಡು ಅತಿ ಮುಖ್ಯವೋ ಅದನ್ನೇ ಅತಿ ಮೆಲ್ಲಗೆ ಹೇಳ್ತೀವಿ.

ಅದಕ್ಕೇ ಕನ್ನಡದಲ್ಲಿ ಫೋನ್ ಮಾತಿನ ದುರಸ್ತಿಗೆ ಎರಡು ಪ್ರಶ್ನೆ ಯಾವಾಗಲೂ ಕೈಯಲ್ಲಿರಬೇಕು. ಒಂದು, ‘ಯಾರು ಬರೋದು?’, ‘ಯಾರು ತರೋದು?’ ಇಲ್ಲಿ ‘ಬರೋದು’ ಅಂತ ಕೇಳೋದರಿಂದ ನಾನೋ ನೀನೋ ಅವನೋ ಅನ್ನೋದನ್ನು ನೀವು ಮೊದಲೇ ಊಹಿಸಬೇಕಾಗಿಲ್ಲ. ಎರಡು, ‘ಬೇಕೋ ಬೇಡವೋ?’ ಎರಡನ್ನೂ ಮುಂದಿಟ್ಟರೆ ಅವರು ಒಂದನ್ನು ಆರಿಸ್ತಾರೆ.

‘ಹಾಗಾದ್ರೆ ಬರಲ್ವಾ?’ ಅಂತ ಮಾತ್ರ ಕೇಳಬೇಡಿ. ಅದಕ್ಕೆ ‘ಹೂಂ’ ಅಂತ ಉತ್ತರ ಬಂದರೆ ‘ಹೂಂ, ಬರಲ್ಲ’ ಅಂತಲೋ, ‘ಹೂಂ, ಬರ್ತೀನಿ’ ಅಂತಲೋ ತಿಳಿಯಲ್ಲ. ದುರಸ್ತಿ ಮಾಡೋಕೆ ಹೋಗಿ ಇನ್ನೊಂದು ಗೊಂದಲ ತಂದುಕೊಂಡ ಹಾಗೆ.

ಒಂದು ಕರೆ, ಮೂರು ತೂತು

ಈಗ ಒಂದು ಉದಾಹರಣೆ ತಗೊಳ್ಳೋಣ. ಬೆಂಗಳೂರಲ್ಲೇ ಹುಟ್ಟಿ ಬೆಳೆದ ಒಬ್ಬ ಹುಡುಗ, ಸಿದ್ದಾಪುರದ ಹಳ್ಳಿಯಲ್ಲಿರೋ ಅವನ ಸೋದರಮಾವ. ಮಳೆಗಾಲ. ಹುಡುಗ ರಾತ್ರಿ ಬಸ್ಸಿಗೆ ಹೊರಟು ಬೆಳಗ್ಗೆ ಶಿರಸಿಯಲ್ಲಿ ಇಳಿದು, ಅಲ್ಲಿಂದ ಊರಿಗೆ ಹೋಗೋನಿದಾನೆ. ಮಾವನಿಗೆ ತೋಟಕ್ಕೆ ಕೊಳೆಮದ್ದು ಹೊಡೆಸಬೇಕು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಹೊಡೆಯೋ ಬೋರ್ಡೋ ದ್ರಾವಣ ಅದು. ಮರ ಹತ್ತಿ ಮದ್ದು ಹೊಡೆಯೋದು, ಕೊನೆ ಕೊಯ್ಯೋದು ಕೊನೆಗೌಡನ ಕೆಲಸ. ಈಚೆಗೆ ಕೊನೆಗೌಡ ಸಿಗೋದೇ ಕಷ್ಟ.

ಮಾವ ಹೇಳಿದ್ದು: ‘ತಮಾ, ಕೊನೆಗೌಡ ಸೋಮವಾರ ಬತ್ತ. ಬರಕಾದ್ರೆ ಶಿರಸಿಯಿಂದ ಇಪ್ಪತ್ತು ಕೇಜಿ ಮೈಲುತುತ್ತ ತಗಂಬಾ.’

ಅಳಿಯನಿಗೆ ಕೇಳಿಸಿದ್ದು: ‘ತಮಾ, ... ಸೋಮವಾರ ಬತ್... ಶಿರಸಿಯಿಂದ ...ಪ್ಪತ್ತು ಕೇಜಿ ...ತುತ್ತ ತಗಂಬಾ.’

ಮೂರು ಕಡೆ ತೂತು ಬಿದ್ದಿದೆ. ಯಾರು ಬರೋದು? ಎಷ್ಟು ಕೇಜಿ? ಯಾವ ತುತ್ತ?

ಈಗ ಅಳಿಯ ‘ಹಾಂ? ಏನು ಮಾವ?’ ಅಂದ ಅಂದುಕೊಳ್ಳಿ. ಮಾವ ಇಡೀ ವಾಕ್ಯ ಮತ್ತೆ ಹೇಳ್ತಾರೆ, ಈ ಸಲ ಜೋರಾಗಿ. ನೆಟ್‌ವರ್ಕ್ ತುಂಡು ಮಾಡುವಾಗ ಜೋರಾಗಿ ಹೇಳಿದರೂ ಅಷ್ಟೇ, ಮೆಲ್ಲಗೆ ಹೇಳಿದರೂ ಅಷ್ಟೇ. ಬೇರೆ ಎರಡು ತುಂಡು ಹೋಗುತ್ತೆ. ಮೂರನೇ ಸಲ ‘ಹಾಂ?’ ಅಂದಾಗ ಮಾವನಿಗೆ ಸಿಟ್ಟು ಬರುತ್ತೆ. ಹುಡುಗ ಸುಮ್ಮನೆ ‘ಹೂಂ ಮಾವ, ಆಯ್ತು’ ಅಂತಾನೆ.

ಅದೇ ಕರೆಯನ್ನು ಇನ್ನೊಂದು ರೀತಿ ನಡೆಸೋಣ.

‘ಮಾವ, ಸೋಮವಾರ ಅನ್ನೋದು ಕೇಳಿಸ್ತು. ಯಾರು ಬರೋದು?’

‘ಕೊನೆಗೌಡ.’

‘ಕೊನೆಗೌಡ ಸೋಮವಾರ. ಸರಿ. ಶಿರಸಿಯಿಂದ ಏನು ತರ್ಲಿ?’

‘ಮೈಲುತುತ್ತ.’

‘ಮೈಲುತುತ್ತ. ಎಷ್ಟು ಕೇಜಿ? ಎರಡು ಸೊನ್ನೆಯಾ, ಏಳು ಸೊನ್ನೆಯಾ?’

‘ಎರಡು ಸೊನ್ನೆ, ಎರಡು ಸೊನ್ನೆ.’

ಒಂದು ಸಲಕ್ಕೆ ಒಂದೇ ತೂತು ಮುಚ್ಚಿದ. ಪ್ರತಿ ಸಲವೂ ಬಂದ ಉತ್ತರವನ್ನು ತಾನೇ ಒಮ್ಮೆ ಹೇಳಿದ. ಮಾವನ ಉತ್ತರ ಒಂದೆರಡು ಪದದ್ದಾದ್ದರಿಂದ ಅದು ತುಂಡಾಗೋ ಸಾಧ್ಯತೆಯೂ ಕಡಿಮೆ. ‘ಸೋಮವಾರ ಅನ್ನೋದು ಕೇಳಿಸ್ತು’ ಅಂತ ಮೊದಲೇ ಹೇಳಿದ್ದರಿಂದ ಅಲ್ಲಿವರೆಗಿನದನ್ನು ಮಾವ ಮತ್ತೆ ಹೇಳಬೇಕಾಗಲಿಲ್ಲ.

ಎರಡು ಸೊನ್ನೆ ಯಾಕೆ?

ಇಪ್ಪತ್ತು ಮತ್ತು ಎಪ್ಪತ್ತು. ಜೋರಾಗಿ ಹೇಳಿ ನೋಡಿ. ಮೊದಲ ಸ್ವರ ಬಿಟ್ಟರೆ ಎರಡೂ ಒಂದೇ. ಕರೆಯ ನಡುವೆ ಆ ಒಂದು ಸ್ವರ ಹೋದರೆ ಉಳಿಯೋದು ‘ಪ್ಪತ್ತು’ ಮಾತ್ರ. ಇಂಥ ಜೋಡಿಗಳು ಕನ್ನಡದ ಲೆಕ್ಕದಲ್ಲಿ ಇನ್ನೂ ಇವೆ. ಇನ್ನೂರು–ಮುನ್ನೂರು. ಮೂರು–ನೂರು. ಎಂಬತ್ತು–ತೊಂಬತ್ತು. ‘ಮ’ ಮತ್ತು ‘ನ’ ಎರಡೂ ಮೂಗಿನಿಂದ ಬರೋ ಶಬ್ದ, ಗದ್ದಲದಲ್ಲಿ ಅವುಗಳ ವ್ಯತ್ಯಾಸ ಸುಲಭವಾಗಿ ಅಳಿಸಿಹೋಗುತ್ತೆ.

ಹೀಗಿರುವಾಗ ‘ಇಪ್ಪತ್ತಾ?’ ಅಂತ ವಾಪಸ್ ಕೇಳಿದರೆ ಪ್ರಯೋಜನ ಕಡಿಮೆ. ಯಾವ ಶಬ್ದ ನಿಮ್ಮ ಕಡೆ ಬರುವಾಗ ಅಳಿಸಿತೋ ಅದೇ ಶಬ್ದ ಅವರ ಕಡೆ ಹೋಗುವಾಗಲೂ ಅಳಿಸಬಹುದು. ಅವರಿಗೂ ‘ಪ್ಪತ್ತಾ?’ ಅಂತಲೇ ಕೇಳಿ ‘ಹೌದು’ ಅಂತಾರೆ. ಇಬ್ಬರಿಗೂ ಸಮಾಧಾನ, ಇಬ್ಬರ ತಲೆಯಲ್ಲೂ ಬೇರೆ ಬೇರೆ ಅಂಕಿ. ಅದಕ್ಕೇ ಅಂಕಿಯನ್ನು ಬಿಡಿಬಿಡಿಯಾಗಿ ಹೇಳೋದು. ‘ಎರಡು’ ಮತ್ತು ‘ಏಳು’ ಬೇರೆ ಬೇರೆಯಾಗಿ ಕೇಳುತ್ತೆ.

ಇನ್ನೊಂದು ದಾರಿ, ಆ ಅಂಕಿಗೆ ಸಂಬಂಧಪಟ್ಟ ಇನ್ನೊಂದು ಅಂಕಿಯಿಂದ ತಾಳೆ ನೋಡೋದು. ಬೋರ್ಡೋ ದ್ರಾವಣಕ್ಕೆ ಶೇಕಡಾ 1ರ ಲೆಕ್ಕ: 100 ಲೀಟರ್ ನೀರಿಗೆ 1 ಕೇಜಿ ಮೈಲುತುತ್ತ, 1 ಕೇಜಿ ಸುಣ್ಣ. 20 ಕೇಜಿ ಅಂದ್ರೆ 2000 ಲೀಟರ್ ಮದ್ದು, 70 ಕೇಜಿ ಅಂದ್ರೆ 7000 ಲೀಟರ್. ‘ಅಂದ್ರೆ ಎರಡು ಸಾವಿರ ಲೀಟರ್ ಮದ್ದಿಗಾ ಮಾವ?’ ಅಂತ ಕೇಳಿದ ಹುಡುಗನಿಗೆ ಅಂಕಿಯೂ ಖಾತ್ರಿ, ಮಾವನ ಹತ್ತಿರ ಒಂದು ಭೇಷ್ ಕೂಡ ಖಾತ್ರಿ.

ಅಡಿಕೆ ದರ ಫೋನಿನಲ್ಲಿ ಕೇಳುವಾಗಲೂ ಇದೇ ಕಥೆ. ಕ್ವಿಂಟಲಿಗೆ ಇಷ್ಟು ಸಾವಿರದ ‘ಇನ್ನೂರು’ ಅಂದಿದ್ದು ‘ಮುನ್ನೂರು’ ಅಂತ ಕೇಳಿದರೆ 8 ಕ್ವಿಂಟಲಿಗೆ 800 ರೂಪಾಯಿಯ ವ್ಯತ್ಯಾಸ. ಇಲ್ಲಿ ಬೇಕಾಗಿರೋದು ‘ಎರಡು ಸೊನ್ನೆ ಸೊನ್ನೆಯಾ?’ ಅನ್ನೋ ಪ್ರಶ್ನೆ.

ತಪ್ಪಿದ್ದೇ ಗೊತ್ತಾಗದ ತಪ್ಪು

ಇಷ್ಟು ಹೊತ್ತು ಮಾತಾಡಿದ್ದು, ಏನೋ ತಪ್ಪಿತು ಅಂತ ನಮಗೆ ಗೊತ್ತಾದಾಗಿನ ಕಥೆ. ಅದಕ್ಕಿಂತ ಕಷ್ಟದ್ದು, ತಪ್ಪಿದ್ದೇ ಗೊತ್ತಾಗದಿರೋದು. ಅರ್ಧ ಕೇಳಿದ ಪದವೂ ಒಂದು ಪೂರ್ತಿ ಪದವಾಗಿದ್ದರೆ ಹೀಗಾಗುತ್ತೆ.

ಶಿರಸಿ, ಯಲ್ಲಾಪುರದ ಮಾರುಕಟ್ಟೆಯಲ್ಲಿ ಅಡಿಕೆಗೆ ಎಷ್ಟೋ ಬಗೆ. ರಾಶಿ, ಚಾಲಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು. ಬರೀ ‘ಗೋಟು’ ಅಂತ ಕೇಳಿಸಿದರೆ ಮುಂದೆ ಏನೋ ಇತ್ತು ಅಂತ ತಿಳಿದವರಿಗೆ ಹೊಳೆಯುತ್ತೆ. ‘ಕೆಂಪಾ, ಬಿಳೆಯಾ?’ ಅಂತ ಕೇಳ್ತಾರೆ. ಆದರೆ ‘ತಟ್ಟಿಬೆಟ್ಟೆ’ಯಲ್ಲಿ ‘ತಟ್ಟಿ’ ಹೋದರೆ ಉಳಿಯೋದು ‘ಬೆಟ್ಟೆ’. ಅದೂ ಒಂದು ಬಗೆಯೇ, ಅದಕ್ಕೂ ಒಂದು ದರ ಇದೆ. ನಿಮ್ಮ ಕಿವಿಗೆ ಯಾವ ತೂತೂ ಕಾಣಲ್ಲ. ಇಂಥದ್ದನ್ನು ಹಿಡಿಯೋಕೆ ಇರೋ ಉಪಾಯ ಒಂದೇ: ಫೋನ್ ಇಡೋ ಮೊದಲು ಕೊನೆಗೊಮ್ಮೆ ಎಲ್ಲವನ್ನೂ ನಿಮ್ಮ ಬಾಯಿಂದ ಹೇಳಿ. ‘ಹಂಗಾದ್ರೆ ಬೆಟ್ಟೆ, ಬರೀ ಬೆಟ್ಟೆ ಅಲ್ವಾ?’ ವಿಮಾನದ ಪೈಲಟ್‌ಗಳು ಕಂಟ್ರೋಲ್ ಟವರಿನಿಂದ ಬಂದ ಸೂಚನೆಯನ್ನು ತಿರುಗಿ ಹೇಳೋದೂ ಇದೇ ಕಾರಣಕ್ಕೆ.

ಶಬ್ದ ಪೂರ್ತಿ ಕೇಳಿಯೂ ಅರ್ಥ ಬೇರೆಯಾಗೋದೂ ಉಂಟು. ‘ಮಾವ ಬೆಟ್ಟಕ್ಕೆ ಹೋಗಿದ್ದಾರೆ’ ಅಂದ್ರೆ ಬೆಂಗಳೂರಿನ ಹುಡುಗನಿಗೆ ಟ್ರೆಕ್ಕಿಂಗ್ ನೆನಪಾಗುತ್ತೆ. ಈ ಊರಲ್ಲಿ ಬೆಟ್ಟ ಅಂದ್ರೆ ಸೊಪ್ಪಿನ ಬೆಟ್ಟ, ತೋಟಕ್ಕೆ ಸೊಪ್ಪು ದರಕು ತರೋ ಕಾಡು. ಇನ್ನು ‘ನಾಳೆ ಬತ್ತಿ’ ಅಂತ ಸ್ಪಷ್ಟವಾಗಿ ಕೇಳಿದರೂ, ಬೆಂಗಳೂರಿನ ಕಿವಿಗೆ ಅದು ‘ನಾಳೆ ಬರ್ತಿ’, ಅಂದ್ರೆ ನೀನು ಬರ್ತೀಯ ಅಂತ ಅನ್ನಿಸಬಹುದು. ಹೇಳಿದವರು ತಾವು ಬರ್ತೀನಿ ಅಂದಿರ್ತಾರೆ. ಇಬ್ಬರೂ ತಂತಮ್ಮ ಮನೆಯಲ್ಲೇ ಕಾಯ್ತಾ ಕೂರೋದು ಹೀಗೇ.

ಅದಕ್ಕೇ, ಕೇಳಿಸಲಿಲ್ಲವೋ ಅರ್ಥ ಆಗಲಿಲ್ಲವೋ ಅನ್ನೋದನ್ನು ಬೇರೆ ಮಾಡಿ ಹೇಳಬೇಕು. ಕೇಳಿಸಲಿಲ್ಲ ಅಂದ್ರೆ ಎದುರಿನವರು ಅದೇ ಮಾತನ್ನು ಮತ್ತೆ ಹೇಳ್ತಾರೆ. ಅರ್ಥ ಆಗಲಿಲ್ಲ ಅಂದ್ರೆ ಬೇರೆ ಮಾತಲ್ಲಿ ಹೇಳ್ತಾರೆ. ‘ಬೆಟ್ಟ ಅನ್ನೋದು ಕೇಳಿಸ್ತು, ಇಲ್ಲಿ ಬೆಟ್ಟ ಅಂದ್ರೆ ಎಂತ?’ ಅಂತ ಕೇಳಿದರೆ ಅವರು ಅದೇ ಪದವನ್ನು ನಾಲ್ಕು ಸಲ ಕೂಗಿ ಹೇಳೋ ಕಷ್ಟ ತಪ್ಪುತ್ತೆ. ಯಲ್ಲಾಪುರದ ಕಡೆ ಇದು ಇನ್ನೂ ಬೇಕಾಗುತ್ತೆ. ಅಲ್ಲಿನ ಸಿದ್ದಿ ಮನೆಗಳಲ್ಲಿ ಕೊಂಕಣಿ, ಗೌಳಿ ಮನೆಗಳಲ್ಲಿ ಮರಾಠಿ ಬೆರೆತ ಮಾತು ನಡೆಯುತ್ತೆ. ಎಷ್ಟೋ ಜನಕ್ಕೆ ಕನ್ನಡ ಎರಡನೇ ಭಾಷೆ. ಅವರಿಗೆ ನಿಮ್ಮ ಮಾತು ತಿಳಿಯದಿದ್ದಾಗ ದನಿ ಏರಿಸಬೇಡಿ, ಪದ ಬದಲಿಸಿ.

‘ಹೂಂ’ ಅನ್ನೋ ಬಲೆ

ಕನ್ನಡದ ‘ಹೂಂ’ಗೆ ಎರಡು ಕೆಲಸ. ‘ಕೇಳ್ತಾ ಇದೀನಿ, ಮುಂದೆ ಹೇಳಿ’ ಅನ್ನೋದು ಒಂದು. ‘ಒಪ್ಪಿದೆ’ ಅನ್ನೋದು ಇನ್ನೊಂದು. ಎದುರುಬದುರು ಕೂತಾಗ ಮುಖ ನೋಡಿ ಯಾವುದು ಅಂತ ಗೊತ್ತಾಗುತ್ತೆ. ಫೋನಿನಲ್ಲಿ ಗೊತ್ತಾಗಲ್ಲ. ನೀವು ಸುಮ್ಮನೆ ಹೂಂಗುಟ್ಟಿರ್ತೀರಿ, ಅವರು 20 ಕೇಜಿ ಮೈಲುತುತ್ತ ಬರುತ್ತೆ ಅಂತ ನಂಬಿ ಕೊನೆಗೌಡನಿಗೆ ಹೇಳಿಬಿಡ್ತಾರೆ. ಸೋಮವಾರ ಅವನು ಬಂದು ಬರಿಗೈಲಿ ವಾಪಸ್ ಹೋದರೆ ಮತ್ತೆ ಸಿಗೋದು ಯಾವಾಗಲೋ. ಮಳೆ ಅವನಿಗಾಗಿ ಕಾಯಲ್ಲ.

ಹಾಗಾಗಿ ಒಂದು ಅಭ್ಯಾಸ ಮಾಡಿಕೊಳ್ಳಬಹುದು. ದಿನ, ಅಂಕಿ, ಹೆಸರು ಬಂದ ಕಡೆ ‘ಹೂಂ’ ಅನ್ನೋ ಬದಲು ಆ ಪದವನ್ನೇ ಹೇಳೋದು. ಅವರು ‘ಸೋಮವಾರ’ ಅಂದರೆ ನೀವೂ ‘ಸೋಮವಾರ’. ಅವರು ‘ಇಪ್ಪತ್ತು ಕೇಜಿ’ ಅಂದರೆ ನೀವು ‘ಎರಡು ಸೊನ್ನೆ’. ತಪ್ಪಿದ್ದರೆ ಅವರು ಅಲ್ಲೇ ತಿದ್ದುತ್ತಾರೆ.

ದೊಡ್ಡವರ ಹತ್ತಿರ ಹೇಗೆ ಕೇಳೋದು?

ಬರೀ ‘ಏನು?’ ಅನ್ನೋದು ದೊಡ್ಡವರಿಗೆ ಮೊಂಡು ಅನ್ನಿಸುತ್ತೆ. ಅದರ ಹಿಂದೆ ಸಂಬಂಧದ ಪದ ಸೇರಿಸಿದರೆ ಅರ್ಧ ಕೆಲಸ ಆಯ್ತು. ‘ಏನಂದ್ರಿ ಮಾವ?’, ‘ಎಂತ ಹೇಳಿದ್ರಿ ಅತ್ತೆ?’ ಪರಿಚಯ ಇಲ್ಲದವರಿಗೆ, ಅಂಗಡಿಯಲ್ಲಿ, ಕಚೇರಿಯಲ್ಲಿ ‘ಸರಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳ್ತೀರಾ?’ ಅಂದ್ರೆ ಸಾಕು. ‘ಹೇಳಿ’ ಅನ್ನೋದು ಅಪ್ಪಣೆ, ‘ಹೇಳ್ತೀರಾ?’ ಅನ್ನೋದು ಕೇಳಿಕೆ.

ಇಲ್ಲೊಂದು ಸಣ್ಣ ಎಚ್ಚರ. ‘ನಂಗೆ ಕೇಳಿಸ್ಲಿಲ್ಲ’ ಮತ್ತು ‘ನಾನು ಕೇಳ್ಲಿಲ್ಲ’ ಒಂದೇ ಅಲ್ಲ. ಮೊದಲನೆಯದು ಶಬ್ದ ಕಿವಿಗೆ ಬರಲಿಲ್ಲ ಅನ್ನೋದು. ಎರಡನೆಯದು ‘ನಾನು ಗಮನ ಕೊಡಲಿಲ್ಲ’ ಅಂತಲೋ ‘ನಾನೇನೂ ನಿಮ್ಮನ್ನು ಕೇಳಲಿಲ್ಲವಲ್ಲ’ ಅಂತಲೋ ಆಗಿಬಿಡಬಹುದು. ಇನ್ನು ‘ನೀವು ಸರಿಯಾಗಿ ಹೇಳಿಲ್ಲ’ ಅಂದ್ರೆ ತಪ್ಪು ಪೂರ್ತಿ ಅವರ ಮೇಲೆ. ‘ನಡುವೆ ಕಟ್ಟಾಯ್ತು’ ಅಂದ್ರೆ ತಪ್ಪು ನೆಟ್‌ವರ್ಕಿನದು, ಯಾರಿಗೂ ಬೇಜಾರಿಲ್ಲ. ಎಲ್ಲಿ ಕಟ್ಟಾಯ್ತು ಅನ್ನೋದನ್ನೂ ಸೇರಿಸಿ: ‘ಸೋಮವಾರ ಅಂದಮೇಲೆ ಕಟ್ಟಾಯ್ತು.’

ಕೇಳಿದ ಮೇಲೆ ಸುಮ್ಮನಿರಿ. ಸಿಗ್ನಲ್ ಕಡಿಮೆ ಇದ್ದಾಗ ದನಿ ತಡವಾಗಿ ತಲುಪುತ್ತೆ. ಉತ್ತರ ಬರಲಿಲ್ಲ ಅಂತ ‘ಹಲೋ? ಹಲೋ?’ ಶುರು ಮಾಡಿದರೆ ಅಷ್ಟರಲ್ಲಿ ಬಂದ ಉತ್ತರ ನಿಮ್ಮ ‘ಹಲೋ’ ಅಡಿಯಲ್ಲೇ ಮುಳುಗುತ್ತೆ.

ಒಂದೇ ವಿಷಯವನ್ನು ಎರಡು ಸಲ ಕೇಳಿಯೂ ಸಿಗದಿದ್ದರೆ ಮೂರನೇ ಸಲ ಅದೇ ರೀತಿ ಕೇಳಬೇಡಿ. ‘ಹೌದು’ ಅಥವಾ ‘ಅಲ್ಲ’ ಅಂತ ಉತ್ತರ ಬರೋ ಹಾಗೆ ಕೇಳಿ. ಅದೂ ಆಗದಿದ್ದರೆ, ‘ಮಾವ, ಅಂಗಳಕ್ಕೆ ಬಂದು ಮಾಡ್ತೀರಾ?’ ಅನ್ನಿ. ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತೆ ಅಂತ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಕೊನೆಗೆ ವಾಟ್ಸಾಪ್ ಇದ್ದೇ ಇದೆ. ವಾಯ್ಸ್ ನೋಟ್ ಆದರೆ ಹಿಂದೆ ತಿರುಗಿಸಿ ಕೇಳಬಹುದು, ಆದರೂ ಅದರಲ್ಲಿ ‘ಇಪ್ಪತ್ತು’ ‘ಎಪ್ಪತ್ತು’ ತೊಂದರೆ ಪೂರ್ತಿ ಹೋಗಲ್ಲ. ಟೈಪ್ ಮಾಡಿದ 20, 70 ಆಗಿ ಕೇಳಿಸೋದಿಲ್ಲ.

ಹುಡುಗ ಕೊನೆಗೆ ಕಳಿಸಬೇಕಾದ ಮೆಸೇಜ್ ಇಷ್ಟೇ: ‘ಸೋಮವಾರ ಕೊನೆಗೌಡ. ಮೈಲುತುತ್ತ 20 ಕೇಜಿ ನಾನು ತರ್ತೀನಿ. ಸುಣ್ಣ ಮನೇಲಿ ಇದೆಯಾ?’

ಆ ಕೊನೆಯ ಪ್ರಶ್ನೆ ಮಾವ ಹೇಳಿದ್ದರಲ್ಲಿ ಇರಲೇ ಇಲ್ಲ. ಕೇಳಿದ್ದನ್ನು ಬರೆದು ಜೋಡಿಸುವಾಗ ಹುಡುಗನಿಗೆ ಹೊಳೆದದ್ದು ಅದು.